ಸಪೂರ ಮೈ, ಮುಂದೆ ಬಂದ ಹೊಟ್ಟೆ: ಬಿಎಂಐ 23ರಲ್ಲೇ ನಮಗೇಕೆ ಎಚ್ಚರ?

(ಉಡುಪಿಯಲ್ಲಿ ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಒಬ್ಬರ ಅಳತೆಗಳನ್ನು ಮುಂದಿಟ್ಟುಕೊಂಡು ಮಾತು ಶುರು ಮಾಡೋಣ. ವ್ಯಕ್ತಿ ಕಲ್ಪಿತ, ಆದರೆ ಅಂಥವರು ನಮ್ಮ ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ವಯಸ್ಸು 42. ಮಣಿಪಾಲದಲ್ಲಿ ಬ್ಯಾಂಕ್ ಕೆಲಸ, ಇಡೀ ದಿನ ಕುರ್ಚಿ. ಎತ್ತರ 168 ಸೆಂಟಿಮೀಟರ್, ತೂಕ 67 ಕೆ.ಜಿ. ತಾಯಿಗೆ ಶುಗರ್ ಇದೆ. ಕೈಕಾಲು ಸಪೂರ, ಮುಖವೂ ತೆಳು. ಅಂಗಿ ಬಿಗಿಯಾಗುವುದು ಹೊಟ್ಟೆಯ ಹತ್ತಿರ ಮಾತ್ರ. ಮನೆಯವರೂ ನೆಂಟರೂ ಹೇಳುವುದು ಒಂದೇ: "ಇಷ್ಟು ಸಪೂರ ಇದ್ದೀರಿ, ನಿಮಗೆಂಥ ಶುಗರ್?"

ಇವರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ನೋಡುವ ಅಂಕಿ, ಲೆಕ್ಕ ಹಾಕೋಣ. ತೂಕವನ್ನು ಕೆ.ಜಿ.ಯಲ್ಲೂ ಎತ್ತರವನ್ನು ಮೀಟರಿನಲ್ಲೂ ಬರೆದುಕೊಳ್ಳಿ. ಎತ್ತರವನ್ನು ಅದರಿಂದಲೇ ಗುಣಿಸಿ: 1.68 × 1.68, ಅಂದರೆ ಸುಮಾರು 2.82. ತೂಕವನ್ನು ಇದರಿಂದ ಭಾಗಿಸಿದರೆ 67 ÷ 2.82 = 23.7. ಹಲವು ಕಡೆ ಗೋಡೆಯ ಮೇಲಿರುವ ಪಟ್ಟಿಯ ಪ್ರಕಾರ 18.5ರಿಂದ 24.9ರವರೆಗೆ ಎಲ್ಲವೂ 'ನಾರ್ಮಲ್'. ಬ್ಯಾಂಕಿನವರು ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾರೆ.

ಈ ನಿಶ್ಚಿಂತೆಗೆ ಆಧಾರವಿಲ್ಲ. ಏಕೆ ಎಂಬುದೇ ಇವತ್ತಿನ ವಿಷಯ.

25ರಿಂದ ಅಧಿಕ ತೂಕ, 30ರಿಂದ ಬೊಜ್ಜು ಎಂಬ ಗಡಿಗಳು ಬಹುಮಟ್ಟಿಗೆ ಯುರೋಪ್ ಮತ್ತು ಅಮೆರಿಕದ ಬಿಳಿಯ ಜನರ ಕಾಯಿಲೆ ಮತ್ತು ಸಾವಿನ ಲೆಕ್ಕಗಳಿಂದ ಬಂದವು. ಅದೇ ಗಡಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ, ನೇಪಾಳ ಮೂಲದವರಿಗೂ ಹೊಂದುತ್ತದೆಯೇ ಎಂದು ನೋಡಲು ಒಂದು ಒಳ್ಳೆಯ ದಾರಿಯಿದೆ. ಒಂದೇ ದೇಶದಲ್ಲಿ, ಒಂದೇ ಬಗೆಯ ಆರೋಗ್ಯ ವ್ಯವಸ್ಥೆಯಲ್ಲಿರುವ ಬೇರೆ ಬೇರೆ ಮೂಲದ ಜನರನ್ನು ಹೋಲಿಸುವುದು. ಇಂಗ್ಲೆಂಡಿನಲ್ಲಿ ಹಾಗೆ ಮಾಡಿದರು. ಸುಮಾರು 14.7 ಲಕ್ಷ ಜನರ ವೈದ್ಯಕೀಯ ದಾಖಲೆಗಳನ್ನು ಆಧರಿಸಿದ ಆ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅವರು ಕೇಳಿದ ಪ್ರಶ್ನೆ ಸರಳ: ಬಿಎಂಐ 30 ಇರುವ ಬಿಳಿಯರಿಗೆ ಟೈಪ್ 2 ಮಧುಮೇಹ ಬರುವ ಸಾಧ್ಯತೆ ಎಷ್ಟಿದೆಯೋ ಅಷ್ಟೇ ಸಾಧ್ಯತೆ ಇತರರಿಗೆ ಯಾವ ಬಿಎಂಐನಲ್ಲಿ ಇದೆ? ವಯಸ್ಸು ಮತ್ತು ಲಿಂಗದ ವ್ಯತ್ಯಾಸವನ್ನು ಸರಿದೂಗಿಸಿ ನೋಡಿದಾಗ ದಕ್ಷಿಣ ಏಷ್ಯಾ ಮೂಲದವರಿಗೆ ಬಂದ ಉತ್ತರ 23.9.

ನಮ್ಮ ಬ್ಯಾಂಕಿನವರ ಎತ್ತರಕ್ಕೆ ಇದನ್ನು ಇಳಿಸಿ ನೋಡಿ. 168 ಸೆಂಟಿಮೀಟರ್ ಎತ್ತರದ ಬಿಳಿಯರೊಬ್ಬರು ಬಿಎಂಐ 30 ಮುಟ್ಟಬೇಕಾದರೆ ಸುಮಾರು 84.7 ಕೆ.ಜಿ. ತೂಗಬೇಕು. ಅಷ್ಟೇ ಅಪಾಯಕ್ಕೆ ನಮ್ಮವರಿಗೆ 67.5 ಕೆ.ಜಿ. ಸಾಕು. ನಡುವೆ 17 ಕೆ.ಜಿ. ಅಂತರ. ಪಟ್ಟಿಯಲ್ಲಿ 'ನಾರ್ಮಲ್' ಎನಿಸಿಕೊಂಡವರು ಮಧುಮೇಹದ ಮಟ್ಟಿಗೆ ಬೊಜ್ಜಿನ ಗಡಿಗೆ ಅರ್ಧ ಕೆ.ಜಿ. ದೂರದಲ್ಲಿ ನಿಂತಿದ್ದಾರೆ.

ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ಈ ಮಾತನ್ನು 2004ರಲ್ಲೇ ಎತ್ತಿತ್ತು. ಅದು ಹಳೆಯ ಗಡಿಗಳನ್ನು ತೆಗೆದುಹಾಕಲಿಲ್ಲ. ಏಷ್ಯಾದ ಜನರಿಗೆ 23 ಮತ್ತು 27.5 ಎಂಬ ಹೆಚ್ಚುವರಿ ಎಚ್ಚರಿಕೆಯ ಬಿಂದುಗಳನ್ನು ಸೇರಿಸಿತು. 2009ರಲ್ಲಿ ನಮ್ಮ ದೇಶದ ತಜ್ಞರು ಇನ್ನೂ ನೇರವಾಗಿ ಹೇಳಿದರು: ಭಾರತೀಯರಿಗೆ 23ರಿಂದ ಅಧಿಕ ತೂಕ, 25ರಿಂದ ಬೊಜ್ಜು. ಸೊಂಟದ ಸುತ್ತಳತೆಯ ಗಡಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಆದರೂ ಹಳೆಯ ಪಟ್ಟಿಗಳು ಇನ್ನೂ ಗೋಡೆಗಳ ಮೇಲಿವೆ, ಫೋನಿನ ಬಿಎಂಐ ಲೆಕ್ಕದ ಆ್ಯಪ್‌ಗಳಲ್ಲೂ ಇವೆ.

ಇನ್ನು ಕಾರಣಕ್ಕೆ ಬರೋಣ. ಬಿಎಂಐಗೆ ತಿಳಿಯುವುದು ಒಟ್ಟು ತೂಕ ಮಾತ್ರ. ಆ ತೂಕದಲ್ಲಿ ಕೊಬ್ಬು ಎಷ್ಟು, ಸ್ನಾಯು ಎಷ್ಟು, ಕೊಬ್ಬು ಎಲ್ಲಿ ಕೂತಿದೆ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಇದನ್ನು ತಮ್ಮದೇ ದೇಹಗಳಲ್ಲಿ ತೋರಿಸಿದರು. ಇಬ್ಬರ ಬಿಎಂಐ ಒಂದೇ, 22.3. ದೇಹದ ಕೊಬ್ಬು ಅಳೆದಾಗ ಯುಡ್ಕಿನ್ ಅವರಲ್ಲಿ ಶೇಕಡಾ 9.1, ಯಾಜ್ಞಿಕ್ ಅವರಲ್ಲಿ ಶೇಕಡಾ 21.2. ಒಂದೇ ಅಂಕಿಯ ಅಡಿಯಲ್ಲಿ ಎರಡು ಪಟ್ಟಿಗೂ ಮೀರಿದ ವ್ಯತ್ಯಾಸ. ಇಬ್ಬರ ಭಾವಚಿತ್ರದ ಜೊತೆ 2004ರಲ್ಲಿ ಒಂದೇ ಪುಟದಲ್ಲಿ ಪ್ರಕಟವಾದ ಈ ಮಾಹಿತಿ ದಪ್ಪ ದಪ್ಪ ಪುಸ್ತಕಗಳು ಹೇಳಲಾಗದ್ದನ್ನು ಹೇಳಿತು.

ಕೊಬ್ಬು ಹೆಚ್ಚಿರುವುದು ಅರ್ಧ ವಿಷಯ. ಅದು ಕೂರುವ ಜಾಗ ಇನ್ನರ್ಧ. ತೊಡೆ, ಪೃಷ್ಠ, ತೋಳುಗಳ ಚರ್ಮದಡಿಯ ಕೊಬ್ಬು ಹೆಚ್ಚು ತೊಂದರೆ ಮಾಡುವುದಿಲ್ಲ. ಅಲ್ಲಿನ ಕೊಬ್ಬಿನ ಕೋಶಗಳು ಹೆಚ್ಚಿದ ಆಹಾರವನ್ನು ಎತ್ತಿಟ್ಟು ಬೇಕಾದಾಗ ಕೊಡುತ್ತವೆ. ಅದನ್ನು ಮನೆಯ ಉಗ್ರಾಣ ಎನ್ನಿ. ದಕ್ಷಿಣ ಏಷ್ಯಾದ ದೇಹಗಳಲ್ಲಿ ಈ ಉಗ್ರಾಣ ಚಿಕ್ಕದು, ಬೇಗ ತುಂಬುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಹೆಚ್ಚು ಒಪ್ಪಿತವಾದ ವಿವರಣೆ. ತುಂಬಿದ ಮೇಲೂ ಆಹಾರ ಬರುತ್ತಲೇ ಇದ್ದರೆ ಕೊಬ್ಬು ಇರಬಾರದ ಕಡೆ ಸೇರುತ್ತದೆ: ಕರುಳಿನ ಸುತ್ತ, ಪಿತ್ತಜನಕಾಂಗದ ಒಳಗೆ, ಸ್ನಾಯುವಿನ ಎಳೆಗಳ ನಡುವೆ, ಮೇದೋಜ್ಜೀರಕ ಗ್ರಂಥಿಯಲ್ಲಿ. ಬಿಳಿಯ ಜನರಲ್ಲಿ ಸಾಮಾನ್ಯವಾಗಿ ಈ ಹಂತ ಬರುವುದು ಇನ್ನೂ ಹಲವು ಕೆ.ಜಿ. ಹೆಚ್ಚಾದ ಮೇಲೆ.

ಪಿತ್ತಜನಕಾಂಗದಲ್ಲಿ ಏನಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಉಳಿದದ್ದೆಲ್ಲ ಅಲ್ಲಿಂದ ಹೊರಡುತ್ತದೆ. ರಾತ್ರಿ ನಾವು ಮಲಗಿದಾಗ ರಕ್ತಕ್ಕೆ ಸಕ್ಕರೆ ಬಿಡುವುದು ಮುಖ್ಯವಾಗಿ ಪಿತ್ತಜನಕಾಂಗದ ಕೆಲಸ. ಎಷ್ಟು ಸಾಕು ಎಂದು ಅದಕ್ಕೆ ಹೇಳುವುದು ಇನ್ಸುಲಿನ್. ಕೊಬ್ಬು ತುಂಬಿದ ಪಿತ್ತಜನಕಾಂಗ ಇನ್ಸುಲಿನ್‌ನ ಮಾತು ಸರಿಯಾಗಿ ಕೇಳುವುದಿಲ್ಲ, ಬೇಡದಿದ್ದರೂ ಸಕ್ಕರೆ ಬಿಡುತ್ತಲೇ ಇರುತ್ತದೆ. ಜೊತೆಗೆ ಕೊಬ್ಬನ್ನು ಟ್ರೈಗ್ಲಿಸರೈಡ್ ರೂಪದಲ್ಲಿ ರಕ್ತಕ್ಕೆ ಕಳಿಸುತ್ತದೆ. ಅದರ ಬೆನ್ನಿಗೇ ಒಳ್ಳೆಯ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ ಇಳಿಯುತ್ತದೆ. ಟ್ರೈಗ್ಲಿಸರೈಡ್ 150ಕ್ಕಿಂತ ಮೇಲೆ, ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕೆಳಗೆ, ಈ ಜೋಡಿ ಲ್ಯಾಬಿನ ಕಾಗದದಲ್ಲಿ ಒಟ್ಟಿಗೆ ಕಂಡರೆ ಸಪೂರದವರಲ್ಲೂ ಒಳಗಿನ ಕೊಬ್ಬಿನ ಅನುಮಾನ ಪಡಬೇಕು.

ಸ್ನಾಯುವಿನ ಪಾಲೂ ದೊಡ್ಡದು. ಊಟದ ನಂತರ ರಕ್ತಕ್ಕೆ ಬಂದ ಸಕ್ಕರೆಯ ಬಹುಪಾಲನ್ನು ಇನ್ಸುಲಿನ್ ಸಹಾಯದಿಂದ ಎಳೆದುಕೊಳ್ಳುವುದು ಸ್ನಾಯು. ನಮ್ಮಲ್ಲಿ ಅದೇ ತೂಕಕ್ಕೆ ಸ್ನಾಯು ಕಡಿಮೆ. ಹಾಗಾಗಿ ಒಂದು ತಟ್ಟೆ ಅನ್ನದ ಸಕ್ಕರೆ ರಕ್ತದಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ. ಅದನ್ನು ಇಳಿಸಲು ಮೇದೋಜ್ಜೀರಕ ಗ್ರಂಥಿ ವರ್ಷಗಟ್ಟಲೆ ಹೆಚ್ಚು ಇನ್ಸುಲಿನ್ ಸುರಿಸಬೇಕಾಗುತ್ತದೆ. ದಕ್ಷಿಣ ಏಷ್ಯಾದವರಲ್ಲಿ ಈ ಗ್ರಂಥಿಯ ಶಕ್ತಿಯೂ ಬೇಗ ಕುಗ್ಗುತ್ತದೆ.

ಇದೆಲ್ಲ ನಡುವಯಸ್ಸಿನಲ್ಲಿ ಶುರುವಾಗುವ ಕತೆಯಲ್ಲ. ಡಾ. ಯಾಜ್ಞಿಕ್ ಅವರ ತಂಡ ಪುಣೆ ಬಳಿಯ ಹಳ್ಳಿಗಳ ನವಜಾತ ಶಿಶುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್‌ನ ಶಿಶುಗಳ ಜೊತೆ ಹೋಲಿಸಿತು. ಪುಣೆಯ ಮಕ್ಕಳ ಸರಾಸರಿ ತೂಕ 2.7 ಕೆ.ಜಿ., ಅಲ್ಲಿನವರದು 3.5. ಎಲ್ಲ ಅಳತೆಗಳೂ ಒಂದೇ ಪ್ರಮಾಣದಲ್ಲಿ ಕಡಿಮೆ ಇರಬೇಕಿತ್ತು. ಹಾಗಿರಲಿಲ್ಲ. ತೋಳಿನ ಮತ್ತು ಹೊಟ್ಟೆಯ ಸುತ್ತಳತೆ, ಅಂದರೆ ಸ್ನಾಯು ಮತ್ತು ಒಳಗಿನ ಅಂಗಗಳು, ಬಹಳ ಚಿಕ್ಕವು. ಬೆನ್ನಿನ ಮೇಲ್ಭಾಗದ ಚರ್ಮದಡಿಯ ಕೊಬ್ಬು ಮಾತ್ರ ಹೆಚ್ಚು ಕಡಿಮೆ ಉಳಿದುಕೊಂಡಿತ್ತು. ಗರ್ಭದಲ್ಲಿ ಪೋಷಣೆ ಕಡಿಮೆಯಾದಾಗ ಮಗು ಸ್ನಾಯುವನ್ನು ಬಿಟ್ಟು ಕೊಬ್ಬನ್ನು ಕಾಪಾಡಿಕೊಂಡಿತು ಎಂದು ಇದರ ಅರ್ಥ. ಆನುವಂಶಿಕತೆಯೂ ಇದರಲ್ಲಿ ಸೇರಿದೆ, ಆದರೆ ಯಾವುದೋ ಒಂದು ಜೀನ್ ಮೇಲೆ ಭಾರ ಹಾಕುವಂತಿಲ್ಲ. ಸ್ನಾಯು ಕಡಿಮೆಯಿರುವ ದೇಹಕ್ಕೆ ಮುಂದೆ ಸ್ಕೂಟರು, ಕುರ್ಚಿ, ಮೂರು ಹೊತ್ತಿನ ಅಕ್ಕಿ ಸೇರಿದಾಗ ಏನಾಗುತ್ತದೆ ಎಂಬುದೇ ನಾವೀಗ ನೋಡುತ್ತಿರುವುದು. ಐಸಿಎಂಆರ್ ನೇತೃತ್ವದ ದೇಶವ್ಯಾಪಿ ಅಧ್ಯಯನ 2023ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಭಾರತದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆ. ಅದಕ್ಕೂ ಹೆಚ್ಚು ಗಮನಿಸಬೇಕಾದ್ದು: ಬಿಎಂಐ ಪ್ರಕಾರ ಬೊಜ್ಜು ಇರುವವರು ಶೇಕಡಾ 28.6, ಹೊಟ್ಟೆಯ ಬೊಜ್ಜು ಇರುವವರು ಶೇಕಡಾ 39.5. ನಡುವಿನ ಆ ಅಂತರದಲ್ಲಿ ನಮ್ಮ ಬ್ಯಾಂಕಿನವರಂಥವರು ಇದ್ದಾರೆ.

ಹಾಗಾದರೆ ಒಳಗಿನ ಕೊಬ್ಬನ್ನು ಕಂಡುಹಿಡಿಯುವುದು ಹೇಗೆ? ಸ್ಕ್ಯಾನ್ ಎಲ್ಲರಿಗೂ ಬೇಡ. ದರ್ಜಿಯ ಟೇಪು ಸಾಕು, ಆದರೆ ಸರಿಯಾದ ಜಾಗದಲ್ಲಿ ಹಿಡಿಯಬೇಕು. ಇಲ್ಲಿ ಆಗುವಷ್ಟು ತಪ್ಪು ಬೇರೆಲ್ಲೂ ಆಗುವುದಿಲ್ಲ.

ಬೆಳಿಗ್ಗೆ ತಿಂಡಿಗೆ ಮುಂಚೆ ಬರಿಮೈಯಲ್ಲಿ, ಅಥವಾ ತೆಳುವಾದ ಒಂದೇ ಪದರದ ಬಟ್ಟೆಯಲ್ಲಿ, ಪಾದಗಳನ್ನು ಹತ್ತಿರ ಇಟ್ಟು ನಿಲ್ಲಿ. ಪಕ್ಕೆಯಲ್ಲಿ ಬೆರಳಾಡಿಸಿ ಕೊನೆಯ ಪಕ್ಕೆಲುಬಿನ ಕೆಳ ಅಂಚನ್ನು ಹುಡುಕಿ, ಪೆನ್ನಿನಿಂದ ಗುರುತು ಹಾಕಿ. ಅದೇ ಗೆರೆಯಲ್ಲಿ ಕೆಳಗೆ ಬಂದರೆ ಸೊಂಟದ ಎಲುಬಿನ ಮೇಲಂಚು ಕೈಗೆ ಸಿಗುತ್ತದೆ, ಅಲ್ಲೂ ಒಂದು ಗುರುತು. ಎರಡರ ಸರಿ ಮಧ್ಯದಲ್ಲಿ ಟೇಪು ಸುತ್ತಿ. ಬೆನ್ನಿನ ಕಡೆ ಟೇಪು ಕೆಳಗೆ ಜಾರುವುದು ಸಾಮಾನ್ಯ, ಆದ್ದರಿಂದ ಕನ್ನಡಿಯಲ್ಲಿ ನೋಡಿ ಅಥವಾ ಮನೆಯವರ ಸಹಾಯ ಪಡೆಯಿರಿ. ಟೇಪು ನೆಲಕ್ಕೆ ಸಮಾನಾಂತರವಾಗಿರಲಿ. ಚರ್ಮವನ್ನು ಮುಟ್ಟಬೇಕು, ಒತ್ತಬಾರದು. ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಓದಿ. ಹೊಟ್ಟೆ ಒಳಗೆಳೆದುಕೊಂಡರೆ ಅಳತೆಯೇ ಸುಳ್ಳಾಗುತ್ತದೆ. ಎರಡು ಸಲ ಅಳೆಯಿರಿ. ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಗುರುತಿನಿಂದ ಶುರು ಮಾಡಿ.

ಪ್ಯಾಂಟಿನ ಸೈಜನ್ನು ನಂಬಬೇಡಿ. ಹೊಟ್ಟೆ ಬಂದ ಹಾಗೆ ಗಂಡಸರ ಬೆಲ್ಟು ಹೊಟ್ಟೆಯ ಕೆಳಗೆ ಇಳಿಯುತ್ತಾ ಹೋಗುತ್ತದೆ. ಹತ್ತು ವರ್ಷದಿಂದ 34 ಇಂಚಿನ ಪ್ಯಾಂಟೇ ಹಾಕುತ್ತಿದ್ದೇನೆ ಎನ್ನುವವರ ನಿಜವಾದ ಸುತ್ತಳತೆ 37 ಇಂಚು ಇರುವುದು ಅಪರೂಪವಲ್ಲ. ಮುಂಡು ಕಟ್ಟುವ ಜಾಗ, ಸೀರೆಯ ಒಳಲಂಗದ ಲಾಡಿಯ ಗುರುತು, ಇವೂ ಅಷ್ಟೇ. ನೆನಪಿಗೆ: 90 ಸೆಂಟಿಮೀಟರ್ ಎಂದರೆ ಸುಮಾರು ಮೂವತ್ತೈದೂವರೆ ಇಂಚು, 80 ಎಂದರೆ ಮೂವತ್ತೊಂದೂವರೆ. ಇನ್ನೂ ಸುಲಭದ ಒಂದು ಲೆಕ್ಕವಿದೆ: ಸುತ್ತಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು.

ಬ್ಯಾಂಕಿನವರದು 93 ಬಂತು. ಎತ್ತರದ ಅರ್ಧ 84. ಈಗ ಚೆನ್ನೈನ ಡಾ. ವಿ. ಮೋಹನ್ ಅವರ ತಂಡ 2005ರಲ್ಲಿ ರೂಪಿಸಿದ ಭಾರತೀಯ ಮಧುಮೇಹ ಅಪಾಯ ಅಂಕ ಹಾಕೋಣ. ವಯಸ್ಸು 35ರಿಂದ 49 ಇದ್ದರೆ 20 ಅಂಕ. ಗಂಡಸರಿಗೆ ಸುತ್ತಳತೆ 90ರಿಂದ 99 ಇದ್ದರೆ 10. ವ್ಯಾಯಾಮವೂ ಇಲ್ಲ, ಕೂತಲ್ಲೇ ಕೆಲಸ ಎಂದರೆ 30. ತಂದೆತಾಯಿಯರಲ್ಲಿ ಒಬ್ಬರಿಗೆ ಮಧುಮೇಹವಿದ್ದರೆ 10. ಒಟ್ಟು 70. ಅರವತ್ತು ಮುಟ್ಟಿದರೆ ಹೆಚ್ಚಿನ ಅಪಾಯ, ರಕ್ತ ಪರೀಕ್ಷೆ ಮಾಡಿಸಲೇಬೇಕು. ಈ ಅಂಕದಲ್ಲಿ ಬಿಎಂಐಗೆ ಜಾಗವೇ ಇಲ್ಲ ಎಂಬುದನ್ನು ಗಮನಿಸಿ.

ಪರೀಕ್ಷೆಯಲ್ಲೂ ಜಾರುವ ಜಾಗವೊಂದಿದೆ. ಇವರ ಖಾಲಿಹೊಟ್ಟೆಯ ಸಕ್ಕರೆ 104 ಎಂದಿಟ್ಟುಕೊಳ್ಳಿ. ಕೆಲವು ಲ್ಯಾಬುಗಳ ಕಾಗದದಲ್ಲಿ 110ರವರೆಗೆ ನಾರ್ಮಲ್ ಎಂದೇ ಮುದ್ರಿಸಿರುತ್ತಾರೆ, ಆದರೆ ಅಮೆರಿಕದ ಮಧುಮೇಹ ಸಂಘದ ಮಾನದಂಡದಲ್ಲಿ 100 ಮುಟ್ಟಿದರೇ ಪೂರ್ವ ಮಧುಮೇಹ. ಅದಕ್ಕಿಂತ ಮುಖ್ಯ, ನಮ್ಮವರಲ್ಲಿ ಖಾಲಿಹೊಟ್ಟೆಯ ಸಕ್ಕರೆ ಸರಿಯಿದ್ದು ಊಟದ ನಂತರದ್ದು ಮೊದಲು ಏರುವುದು ಬಹಳ. ಸ್ನಾಯು ಕಡಿಮೆ ಎಂದೆನಲ್ಲ, ಅದರ ಪರಿಣಾಮ ಇಲ್ಲಿ ಕಾಣುತ್ತದೆ. ಅಂಥವರನ್ನು ಹಿಡಿಯಲು ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆ ಬೇಕು.

ಅದನ್ನು ಮಾಡಿಸುವ ಕ್ರಮ ಹೀಗೆ. ಹಿಂದಿನ ಮೂರು ದಿನ ಎಂದಿನಂತೆ ಊಟ ಮಾಡಿ. ಪರೀಕ್ಷೆ ಇದೆಯೆಂದು ಅನ್ನ ಬಿಟ್ಟರೆ ಉತ್ತರ ತಪ್ಪಾಗಿ ಹೆಚ್ಚು ಬರುವ ಸಾಧ್ಯತೆಯಿದೆ. ರಾತ್ರಿ ಕನಿಷ್ಠ ಎಂಟು ಗಂಟೆ ಉಪವಾಸ. ಬೆಳಿಗ್ಗೆ ಮೊದಲ ರಕ್ತ ಕೊಟ್ಟ ಮೇಲೆ 75 ಗ್ರಾಂ ಗ್ಲೂಕೋಸನ್ನು 250ರಿಂದ 300 ಮಿಲಿ ನೀರಿನಲ್ಲಿ ಕರಗಿಸಿ ಐದು ನಿಮಿಷದೊಳಗೆ ಕುಡಿಯಬೇಕು. ಗ್ಲೂಕೋಸ್ ಪುಡಿ ನೀರಿನ ಅಂಶವಿರುವ ಮಾನೋಹೈಡ್ರೇಟ್ ಆಗಿದ್ದರೆ 82.5 ಗ್ರಾಂ ತೂಗಬೇಕು. ಕುಡಿಯಲು ಶುರು ಮಾಡಿದ ಹೊತ್ತಿನಿಂದ ಸರಿಯಾಗಿ ಎರಡು ಗಂಟೆಗೆ ಎರಡನೇ ರಕ್ತ. ನಡುವೆ ಕೂತಿರಬೇಕು, ಬೀಡಿ ಸಿಗರೇಟು ಸೇದಬಾರದು. ಮನೆಗೆ ಹೋಗಿ ಎರಡು ಇಡ್ಲಿ ತಿಂದು ನಡೆದುಕೊಂಡು ಬರುವುದು ಬೇರೆಯೇ ಪರೀಕ್ಷೆ. ಅದರ ಅಂಕಿಯನ್ನು ಇದರ ಗಡಿಗೆ ಹೋಲಿಸುವಂತಿಲ್ಲ. ಎರಡನೇ ಅಂಕಿ 140ಕ್ಕಿಂತ ಕೆಳಗಿದ್ದರೆ ಸರಿ, 140ರಿಂದ 199 ಪೂರ್ವ ಮಧುಮೇಹ, 200 ಮತ್ತು ಮೇಲೆ ಮಧುಮೇಹ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಒಳ್ಳೆಯದೇ, ಆದರೆ ಕಬ್ಬಿಣದ ಕೊರತೆಯ ರಕ್ತಹೀನತೆ ಇರುವ ಹೆಂಗಸರಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಿಸಬಹುದು.

ನಮ್ಮ ಉದಾಹರಣೆಯಲ್ಲಿ ಎರಡನೇ ಅಂಕಿ 172, ಟ್ರೈಗ್ಲಿಸರೈಡ್ 210, ಎಚ್‌ಡಿಎಲ್ 36 ಎನ್ನೋಣ. ಮಧುಮೇಹ ಇನ್ನೂ ಆಗಿಲ್ಲ. ಇದು ಕೆಲಸ ಮಾಡಲು ಒಳ್ಳೆಯ ಸಮಯ.

67 ಕೆ.ಜಿ.ಯವರು ಎಷ್ಟು ಇಳಿಸಬೇಕು? 63ಕ್ಕೆ ಬಂದರೆ ಬಿಎಂಐ 22.3 ಆಗುತ್ತದೆ. ನಾಲ್ಕು ಕೆ.ಜಿ., ಅಂದರೆ ತೂಕದ ಶೇಕಡಾ 6. ದೇಹ ಮೊದಲು ಬಿಟ್ಟುಕೊಡುವ ಕೊಬ್ಬಿನಲ್ಲಿ ಪಿತ್ತಜನಕಾಂಗದ್ದು ಮುಖ್ಯ, ಹಾಗಾಗಿ ಇಷ್ಟು ಸಣ್ಣ ಇಳಿಕೆಗೂ ಫಲ ಸಿಗುತ್ತದೆ. ಆದರೆ ಊಟ ಮಾತ್ರ ಕಡಿಮೆ ಮಾಡಿದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ಮೊದಲೇ ಸ್ನಾಯು ಕಡಿಮೆ ಇರುವವರಿಗೆ ಅದು ನಷ್ಟದ ವ್ಯಾಪಾರ. ವಾರಕ್ಕೆ ಎರಡು ಮೂರು ದಿನ ಭಾರದ ವ್ಯಾಯಾಮ ಬೇಕೇ ಬೇಕು: ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ದಂಡ, ನೀರು ತುಂಬಿದ ಬಾಟಲಿ ಎತ್ತುವುದು. ಕೊನೆಯ ಎರಡು ಮೂರು ಸಲ ಕಷ್ಟವಾಗಬೇಕು. ಸುಲಭವಾದರೆ ಭಾರ ಸಾಲದು. ಊಟವಾದ ಮೇಲೆ 15 ನಿಮಿಷ ನಡೆದರೆ ಸ್ನಾಯು ಆಗ ತಾನೇ ಬಂದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ.

ಊಟದ ಬಗ್ಗೆ ನಮ್ಮ ಕರಾವಳಿಯವರಿಗೆ ಒಂದೇ ಮಾತು. ಬೆಳಿಗ್ಗೆ ನೀರುದೋಸೆ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಸಂಜೆ ಗೋಳಿಬಜೆ ಅಥವಾ ಬನ್ಸ್, ರಾತ್ರಿ ಗಂಜಿ. ಇದರಲ್ಲಿ ಪಿಷ್ಟ ಎಲ್ಲ ಹೊತ್ತೂ ಇದೆ, ಪ್ರೋಟೀನ್ ಬಹಳ ಕಡಿಮೆ. ಕುಚ್ಚಲಕ್ಕಿ ಬೆಳ್ತಿಗೆಗಿಂತ ಒಳ್ಳೆಯದು, ಆದರೂ ಅದು ಅಕ್ಕಿಯೇ: 100 ಗ್ರಾಂ ಅಕ್ಕಿಯಲ್ಲಿ ಪಿಷ್ಟ 75 ಗ್ರಾಂ ದಾಟುತ್ತದೆ, ಪ್ರೋಟೀನ್ ಏಳೆಂಟು ಗ್ರಾಂ. ಪ್ರತಿ ಹೊತ್ತಿನ ಅಕ್ಕಿಯಲ್ಲಿ ಮೂರನೇ ಒಂದು ಪಾಲು ತೆಗೆದು ಆ ಜಾಗಕ್ಕೆ ಬಂಗುಡೆಯನ್ನೋ ಬೂತಾಯಿಯನ್ನೋ ಸಾರು ಮಾಡಿ ಹಾಕಿಕೊಳ್ಳಿ, ಹುರಿದದ್ದು ಬೇಡ. ಮೀನು ತಿನ್ನದ ಮನೆಗಳಲ್ಲಿ ಹೆಸರುಕಾಳು, ಕಡಲೆ, ಮೊಸರು. ದಿನಕ್ಕೆ ದೇಹದ ಪ್ರತಿ ಕೆ.ಜಿ.ಗೆ ಒಂದು ಗ್ರಾಂ ಪ್ರೋಟೀನ್ ಗುರಿಯಾದರೆ ಇವರಿಗೆ ಸುಮಾರು 65 ಗ್ರಾಂ ಬೇಕು. ನೂರು ಗ್ರಾಂ ಮೀನಿನಲ್ಲಿ ಸುಮಾರು 20 ಸಿಗುತ್ತದೆ, 50 ಗ್ರಾಂ ಒಣ ಕಾಳಿನಲ್ಲಿ 11ರಿಂದ 12. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ತಕ್ಕಡಿ ಅಲುಗಾಡದಿದ್ದರೆ ನಿಲ್ಲಿಸಿಬಿಡಬೇಡಿ. ಡಾ. ರಾಮಚಂದ್ರನ್ ಅವರ ತಂಡ ಚೆನ್ನೈನಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಮಧುಮೇಹ ತಡೆ ಅಧ್ಯಯನದಲ್ಲಿ ಸೇರಿದ್ದವರೆಲ್ಲ ಪೂರ್ವ ಮಧುಮೇಹಿಗಳು, ಸರಾಸರಿ ಬಿಎಂಐ 25.8. ಏನೂ ಮಾಡದ ಗುಂಪಿನಲ್ಲಿ ಮೂರು ವರ್ಷದಲ್ಲಿ ನೂರಕ್ಕೆ 55 ಮಂದಿಗೆ ಮಧುಮೇಹ ಬಂತು. ದಿನಾ ಅರ್ಧ ಗಂಟೆ ನಡಿಗೆ ಮತ್ತು ಊಟದ ಬದಲಾವಣೆ ಮಾಡಿಕೊಂಡ ಗುಂಪಿನಲ್ಲಿ 39 ಮಂದಿಗೆ. ಆ ಗುಂಪಿನ ತೂಕ ಹೇಳಿಕೊಳ್ಳುವಷ್ಟು ಇಳಿದಿರಲೇ ಇಲ್ಲ. ಆದ್ದರಿಂದ ತಿಂಗಳಿಗೊಮ್ಮೆ ಸುತ್ತಳತೆ ಬರೆದಿಡಿ, ತೂಕಕ್ಕಿಂತ ಅದೇ ಹೆಚ್ಚು ಹೇಳುತ್ತದೆ. ಪೂರ್ವ ಮಧುಮೇಹ ಇದ್ದವರು ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆ ಮಾಡಿಸಲಿ.

ಸಭಿಕರ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತಿದ್ದೇವೆ. ಮೊದಲನೆಯದು, "ಮಲ್ಪೆ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವವರ ಬಿಎಂಐ 25 ದಾಟಿದರೆ ಅವರಿಗೂ ಬೊಜ್ಜೇ?" ಅಲ್ಲ. ಸುತ್ತಳತೆ 82 ಇದ್ದು ತೋಳು ತೊಡೆ ಗಟ್ಟಿಯಾಗಿದ್ದರೆ ಆ ತೂಕ ಸ್ನಾಯುವಿನದು. 23 ಎಂಬುದು ರೋಗದ ಹೆಸರಲ್ಲ, ಟೇಪು ಹಿಡಿಯಲು ಮತ್ತು ರಕ್ತ ಪರೀಕ್ಷಿಸಲು ಕರೆಯುವ ಗಡಿ. ಗರ್ಭಿಣಿಯರಿಗೆ ಈ ಲೆಕ್ಕ ಹೊಂದುವುದಿಲ್ಲ. ಬೆನ್ನು ಬಾಗಿದ ಹಿರಿಯರಲ್ಲಿ ಎತ್ತರ ಕುಗ್ಗಿ ಬಿಎಂಐ ಸುಳ್ಳಾಗಿ ಏರುತ್ತದೆ.

ಎರಡನೆಯದು, "ಹಾಗಾದರೆ ಎಲ್ಲರೂ ಆದಷ್ಟು ಸಪೂರ ಆಗುವುದೇ ಒಳ್ಳೆಯದಲ್ಲವೇ?" ಖಂಡಿತ ಅಲ್ಲ. ಏಷ್ಯಾದ 11 ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ 2011ರಲ್ಲಿ ಪ್ರಕಟವಾಯಿತು. ಅದರಲ್ಲಿ ಭಾರತ ಮತ್ತು ಬಾಂಗ್ಲಾದೇಶದವರ ಸಾವಿನ ಪ್ರಮಾಣ ಏರಿದ್ದು ಬಿಎಂಐ 20 ಮತ್ತು ಅದಕ್ಕಿಂತ ಕೆಳಗಿದ್ದವರಲ್ಲಿ; ಹೆಚ್ಚು ಬಿಎಂಐ ಇದ್ದವರಲ್ಲಿ ಆ ಏರಿಕೆ ಕಾಣಲಿಲ್ಲ. ಮಧುಮೇಹದ ಅಪಾಯ ಬೇರೆ, ಒಟ್ಟು ಸಾವಿನ ಲೆಕ್ಕ ಬೇರೆ. ಕ್ಷಯದಂಥ ಸೋಂಕು ಮತ್ತು ಅಪೌಷ್ಟಿಕತೆ ನಮ್ಮಲ್ಲಿ ಇನ್ನೂ ಇವೆ. ಬಿಎಂಐ 19 ಇದ್ದು ಶುಗರ್ ಬಂದವರಿಗೆ ತೂಕ ಇಳಿಸಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅವರಿಗೆ ಬೇಕಾದ್ದು ಸ್ನಾಯು ಬೆಳೆಸುವ ಊಟ ಮತ್ತು ವ್ಯಾಯಾಮ. ಪ್ರಯತ್ನಿಸದೆ ತೂಕ ಇಳಿಯುತ್ತಿದ್ದರೆ, ಬಾಯಾರಿಕೆ ಮತ್ತು ಮೂತ್ರ ಹೆಚ್ಚಾಗಿದ್ದರೆ, ಇನ್ಸುಲಿನ್ ಕೊರತೆಯೋ ಬೇರೆ ಕಾಯಿಲೆಯೋ ಎಂದು ತಡ ಮಾಡದೆ ವೈದ್ಯರ ಬಳಿ ನೋಡಿಸಬೇಕು.